ಬೆರಳಕ್ಕ ಓದದೆ ಬಿಟ್ಟ ಸಾಲುಗಳು

ಎದುರಿಗೆ ಅಕ್ಕ, ಬೆನ್ನ ಹಿಂದೆ ಬೆರಳಕ್ಕ. ಕಚೇರಿಯಲ್ಲಿ ಅವಳಿಗೆ ಇದ್ದದ್ದು ಈ ಎರಡೇ ಹೆಸರು. ಎರಡನೆಯದು ಅವಳ ಕಿವಿಗೆ ಬೀಳದೆ ಇರಲಿಲ್ಲ. ಬಿದ್ದರೂ ಅವಳು ಮುಖ ಊದಿಸಿಕೊಂಡವಳಲ್ಲ. ಹೆಸರು ಬಂದದ್ದು ನ್ಯಾಯವಾಗಿಯೇ. ಕಂಪ್ಯೂಟರಿನ ಪರದೆಯ ಮೇಲೆ ತೋರುಬೆರಳಿಟ್ಟು, ಒಂದೊಂದೇ ಸಾಲು ಇಳಿಯುತ್ತ, ತುಟಿ ಅಲುಗಿಸಿಕೊಂಡು ಓದುವುದು ಅವಳ ಪದ್ಧತಿ. ಸಂಜೆಯಾಗುವಷ್ಟರಲ್ಲಿ ಪರದೆಯ ಎಡಗಡೆ ಮೇಲಿಂದ ಕೆಳಗಿನವರೆಗೆ ಒಂದು ಜಿಡ್ಡಿನ ಪಟ್ಟೆ ಮೂಡಿರುತ್ತಿತ್ತು. ಕಸ ಗುಡಿಸುವಾಕೆ ದಿನಾ ಅದನ್ನು ಒರೆಸಿ, ದಿನಾ ಗೊಣಗುತ್ತಿದ್ದಳು.

ಅವರ ಕಂಪನಿ ದವಾಖಾನೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತಿತ್ತು. ವೈದ್ಯರು ಔಷಧಿಗಳನ್ನು ಕಂಪ್ಯೂಟರಿನಲ್ಲಿ ಬರೆದರೆ, ರೋಗಿ ಮನೆ ಮುಟ್ಟುವುದರೊಳಗೆ ಅವನ ಮೊಬೈಲಿಗೆ ಔಷಧಿಗಳ ಪಟ್ಟಿ ಬಂದಿರಬೇಕು. ಈ ಪ್ರೋಗ್ರಾಂ ತಾನು ಯಾವ ಸೆಕೆಂಡಿನಲ್ಲಿ ಏನು ಮಾಡಿದೆ ಎಂದು ದಿನಚರಿಯಂತೆ ಬರೆದುಕೊಳ್ಳುತ್ತ ಹೋಗುತ್ತದೆ. ಅದಕ್ಕೆ ಲಾಗ್ ಎನ್ನುತ್ತಾರೆ. ಏನಾದರೂ ಕೆಟ್ಟಾಗ ಆ ಲಾಗನ್ನು ಓದಿ, ತಪ್ಪು ಎಲ್ಲಿದೆ ಎಂದು ಹೇಳುವುದು ಬೆರಳಕ್ಕನ ಹತ್ತೊಂಬತ್ತು ವರ್ಷದ ಕೆಲಸ. ಮೊದಲು ಟೈಪಿಸ್ಟ್ ಆಗಿ ಸೇರಿದವಳು, ನೋಡಿ ನೋಡಿ ಕೋಡ್ ಬರೆಯುವುದನ್ನೂ ಕಲಿತುಕೊಂಡಳು. ಆದರೆ ಓದುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

ಹೊಸಬರು, "ಅಕ್ಕಾ, ಕೆಂಪು ಸಾಲು ಬಂದಿದೆ, ಏನ್ ಮಾಡ್ಲಿ?" ಎಂದು ಓಡಿ ಬಂದರೆ ಅವಳು ತಲೆ ಕೂಡ ಎತ್ತುತ್ತಿರಲಿಲ್ಲ.

"ಕೆಂಪು ಸಾಲು ಕಿರುಚೋದು ಕೊನೇಲಿ. ತಪ್ಪಾಗಿರೋದು ಯಾವಾಗ್ಲೋ. ಮೇಲಿಂದ ಓದು ಹೋಗು."

ಈ ಮಾತನ್ನು ಅವಳು ಎಷ್ಟು ಜನಕ್ಕೆ ಹೇಳಿದ್ದಳೋ ಲೆಕ್ಕವಿಲ್ಲ. ಹೇಳಿದ ಮಾತನ್ನು ತಾನು ಪಾಲಿಸದೆ ಹೋದದ್ದು ಒಂದೇ ಒಂದು ದಿನ. ಕಥೆ ಇರುವುದು ಆ ದಿನದ ಬಗ್ಗೆ. ಅವಳಿಗಾದರೋ ಅದು ಗೊತ್ತಾದದ್ದು ಹನ್ನೊಂದು ತಿಂಗಳು ಕಳೆದ ಮೇಲೆ.

ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಿತು. ಕೊಂಡವರು ಮೊದಲ ವಾರ ಎಲ್ಲರ ಕೈ ಕುಲುಕಿದರು, ಎರಡನೆಯ ವಾರ ನೋಟೀಸ್ ಹಾಕಿದರು. ಹಳೆಯ ನೌಕರರೆಲ್ಲ ಮತ್ತೆ ಸಂದರ್ಶನಕ್ಕೆ ಕೂರಬೇಕು. ಕೊನೆಯದು ಡಿಬಗ್ಗಿಂಗ್ ರೌಂಡ್. ಕೆಟ್ಟುಹೋದ ಒಂದು ತುಂಡು ಕೋಡ್, ಅದರ ಲಾಗ್, ನಲವತ್ತೈದು ನಿಮಿಷ. ಯೋಚನೆಯನ್ನೆಲ್ಲ ಬಾಯಿಬಿಟ್ಟು ಹೇಳುತ್ತ ತಪ್ಪು ಹುಡುಕಬೇಕು. ಊಹೆ ಹೊಡೆದು ಸರಿಯುತ್ತರ ಕೊಟ್ಟರೂ ಅಂಕವಿಲ್ಲ. ಪಾಸಾಗದವರಿಗೆ ತಿಂಗಳ ಕೊನೆಯಲ್ಲಿ ಬೀಳ್ಕೊಡುಗೆ.

"ನಿಮಗೇನಕ್ಕಾ, ನೀರು ಕುಡಿದ ಹಾಗೆ," ಎಂದರು ಎಲ್ಲರೂ.

ಎಲ್ಲರೂ ಹಾಗೆಂದಷ್ಟೂ ಅವಳ ಭಯ ಹೆಚ್ಚುತ್ತಿತ್ತು. ವಯಸ್ಸು ನಲವತ್ತೇಳು. ಗಂಡ ದರ್ಜಿ. ಅವನ ಕಣ್ಣು ಎರಡು ವರ್ಷದಿಂದ ಮಂಜಾಗಿ, ಸೂಜಿಗೆ ದಾರ ಪೋಣಿಸಲೂ ಇವಳನ್ನೇ ಕರೆಯುವ ಹಾಗಾಗಿತ್ತು. ಮನೆ ನಡೆಯುತ್ತಿದ್ದದ್ದು ಇವಳ ಸಂಬಳದಲ್ಲಿ. ಈ ವಯಸ್ಸಿನಲ್ಲಿ ಪರದೆಯ ಮೇಲೆ ಬೆರಳಿಟ್ಟು ಓದುವ ಹೆಂಗಸನ್ನು ಬೇರೆ ಯಾರು ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ? ಅದೂ ಹೋಗಲಿ, ಅವಳು ಓದುತ್ತಿದ್ದದ್ದು ಮನಸ್ಸಿನಲ್ಲಿ. ಪರಿಚಯವಿಲ್ಲದ ಇಬ್ಬರ ಮುಂದೆ ಯೋಚನೆಯನ್ನು ಬಾಯಿಬಿಟ್ಟು ಹೇಳುವುದೆಂದರೆ ಒಗೆಯದ ಬಟ್ಟೆಯನ್ನು ಬೀದಿಯಲ್ಲಿ ಒಣಹಾಕಿದ ಹಾಗೆ ಎಂದು ಅವಳಿಗೆ ಅನ್ನಿಸುತ್ತಿತ್ತು.

ರೌಂಡಿನ ಹಿಂದಿನ ದಿನ ಸಂಜೆ ಗಂಡ ಒಂದು ಅಂಗಿಯನ್ನು ತಂದು ಅವಳ ಮಡಿಲಿಗೆ ಎಸೆದ.

"ಗಿರಾಕಿ ವಾಪಸ್ ಕೊಟ್ಟಿದಾನೆ. ತೋಳು ಎಳೆಯುತ್ತಂತೆ. ತಪ್ಪೆಲ್ಲಿದೆ ಹೇಳು. ಬಾಯಿಬಿಟ್ಟು ಹೇಳ್ಬೇಕು. ನಾನೇ ನಿನ್ ಸಂದರ್ಶನ ಮಾಡೋನು."

"ಸುಮ್ನಿರ್ರೀ, ನನಗೇ ಜೀವ ಹೋಗ್ತಿದೆ."

"ಜೀವ ಆಮೇಲೆ ಹೋಗ್ಲಿ, ಮೊದ್ಲು ಅಂಗಿ ನೋಡು."

ಅವಳು ನೋಡಿದಳು. ತೋಳಿನ ಹೊಲಿಗೆ ಸರಿಯಿತ್ತು. ಉದ್ದ ಸರಿಯಿತ್ತು. ಹಿಂದಕ್ಕೆ ಹೋಗುತ್ತ ಹೋಗುತ್ತ ಭುಜಕ್ಕೆ ಬಂದಳು. ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ಕಿರಿದಾಗಿತ್ತು.

"ಎಳೀತಿರೋದು ತೋಳು, ತಪ್ಪಿರೋದು ಭುಜದಲ್ಲಿ. ಯಾವ ಪುಣ್ಯಾತ್ಮ ಕತ್ತರಿಸಿದ್ದು ಇದನ್ನ?"

"ನಾನೇ," ಎಂದ ಅವನು, ಒಂದಿಷ್ಟೂ ನಾಚಿಕೆಯಿಲ್ಲದೆ. "ಬೆಳಿಗ್ಗೆಯಿಂದ ತೋಳನ್ನೇ ಬಿಚ್ಚಿ ಹೊಲೀತಿದ್ದೆ. ಭುಜ ನಾನು ಕತ್ತರಿಸಿದ್ದಲ್ವಾ, ಅದನ್ನ ನೋಡ್ಬೇಕು ಅಂತಲೇ ಅನ್ನಿಸ್ಲಿಲ್ಲ."

ಇಬ್ಬರೂ ನಕ್ಕರು. ಅವಳು ಆ ವಾರದಲ್ಲಿ ನಕ್ಕದ್ದು ಅದೊಂದೇ ಸಲ.

ಮರುದಿನ ಹನ್ನೊಂದು ಗಂಟೆಗೆ ಅವಳ ಸರದಿ. ಹತ್ತೂವರೆಗೇ ಹೋಗಿ ಕಾರಿಡಾರಿನ ಬೆಂಚಿನ ಮೇಲೆ ಕುಳಿತಳು. ಪಕ್ಕದಲ್ಲಿ ತಂಗಿ ಕುಳಿತಿದ್ದಳು. ಒಡಹುಟ್ಟಿದ ತಂಗಿಯಲ್ಲ, ಕಚೇರಿಯ ತಂಗಿ. ಮೂವತ್ತೆರಡರ ಹೆಂಗಸು, ಚುರುಕು, ಮಾತು ಕಡಿಮೆ. ಅವಳ ಸರದಿ ಹನ್ನೆರಡಕ್ಕೆ.

ತಂಗಿ ಮೊದಲು ಕೋಡ್ ಬರೆಯುವವಳೇ. ಹನ್ನೊಂದು ತಿಂಗಳ ಹಿಂದೆ ಒಂದು ದಿನ ಔಷಧಿಪಟ್ಟಿಯ ಸಂದೇಶಗಳು ಹೋಗದೆ ನಿಂತುಬಿಟ್ಟವು. ದವಾಖಾನೆಯವರು ಫೋನಿನ ಮೇಲೆ ಫೋನು ಮಾಡಿ ಕೂಗಾಡಿದರು. ಲಾಗಿನ ಕೆಂಪು ಸಾಲು, ಸಂದೇಶ ಮಿತಿಗಿಂತ ಉದ್ದವಾಗಿದೆ ಎನ್ನುತ್ತಿತ್ತು. ಅದು ಬೊಟ್ಟು ಮಾಡಿದ ಕೋಡು ತಂಗಿ ಆ ವಾರವಷ್ಟೇ ಬದಲಾಯಿಸಿದ್ದು. ಔಷಧಿಯ ಚುಟುಕು ಹೆಸರಿನ ಬದಲು ರೋಗಿಗೆ ಅರ್ಥವಾಗಲೆಂದು ಪೂರ್ತಿ ಹೆಸರು ಹಾಕಿದ್ದಳು. ವರದಿ ಬರೆದಾಯಿತು, ಕಾರಣದ ಜಾಗದಲ್ಲಿ ತಂಗಿಯ ಬದಲಾವಣೆ ಎಂದಾಯಿತು. ಆ ಬದಲಾವಣೆಯನ್ನು ಕಿತ್ತುಹಾಕಿ ಮತ್ತೆ ಚುಟುಕು ಹೆಸರನ್ನೇ ತಂದರು, ಕೆಂಪು ಸಾಲು ನಿಂತಿತು. ತಂಗಿಯನ್ನು ರೋಗಿಗಳ ದೂರು ಕೇಳುವ ಫೋನಿನ ಮೇಜಿಗೆ ಕಳಿಸಿದರು. ವರದಿಯ ಕೆಳಗೆ, ಲಾಗ್ ಓದಿದವರು ಎಂಬ ಜಾಗದಲ್ಲಿ ಬೆರಳಕ್ಕನ ಸಹಿ.

ತಂಗಿ ಅದನ್ನು ಎತ್ತಿ ಆಡಲಿಲ್ಲ. ಫೋನಿನ ಮೇಜಿನಲ್ಲಿ ಕೂತು ಒಂದು ನೋಟ್‌ಬುಕ್ ಇಟ್ಟುಕೊಂಡಳು. ಎರಡು ಸಲ ಅದನ್ನು ಬೆರಳಕ್ಕನ ಹತ್ತಿರ ತಂದಿದ್ದಳು. "ಅಕ್ಕಾ, ಡಾಕ್ಟರು ಮೂರು ಹೇಳಿದ್ರು, ಮೊಬೈಲಲ್ಲಿ ಐದು ಬಂದಿದೆ ಅಂತಾರೆ. ಹೀಗೇ ಸುಮಾರು ಜನ." ಬೆರಳಕ್ಕ ಎರಡು ಸಲವೂ, "ವಯಸ್ಸಾದವರು ತಂಗಿ, ಮರೆತಿರ್ತಾರೆ," ಎಂದು ಕಳಿಸಿದ್ದಳು.

"ಅಕ್ಕಾ, ನನ್ ಕೈ ಮುಟ್ಟಿ ನೋಡಿ, ಮಂಜುಗಡ್ಡೆ ಆಗಿದೆ," ಎಂದಳು ತಂಗಿ ಈಗ.

"ನನ್ನದೂ ಹಾಗೇ ಇದೆ. ಯಾರು ಯಾರಿಗೆ ಬಿಸಿ ಮಾಡೋದು?"

ಬಾಗಿಲು ತೆರೆಯಿತು.

ಒಳಗೆ ಇಬ್ಬರಿದ್ದರು. ಕನ್ನಡಕವನ್ನು ಕಣ್ಣಿಗಿಡದೆ ತಲೆಯ ಮೇಲೆ ಏರಿಸಿಕೊಂಡಿದ್ದ ಒಬ್ಬ ಗಂಡಸು, ದಪ್ಪ ಪೆನ್ನು ಹಿಡಿದ ಒಬ್ಬ ಹೆಂಗಸು. ಇಬ್ಬರಿಗೂ ಮೂವತ್ತೈದು ದಾಟಿರಲಾರದು. ಮೇಜಿನ ಮೇಲೆ ಗಡಿಯಾರ, ಮೂರು ಕಾಗದ.

"ಇದು ಕೋಡ್ ಮೇಡಂ, ಇದು ಲಾಗ್, ಇದು ಡಾಕ್ಟರು ಬರೆದ ಔಷಧಿಗಳ ಲೆಕ್ಕ," ಎಂದ ಕನ್ನಡಕದವನು. "ಹಳೇ ದಾಖಲೆಯಿಂದ ತೆಗೆದದ್ದು. ಹೆಸರು, ತಾರೀಖು ತೆಗೆದುಹಾಕಿದೀವಿ. ಸಮಯ ಶುರು."

ಲಾಗಿನಲ್ಲಿ ಹನ್ನೆರಡು ಸಾಲು. ಹತ್ತನೆಯದು ಕೆಂಪು: ಸಂದೇಶ ಮಿತಿಗಿಂತ ಉದ್ದವಾಗಿದೆ. ಅಂಥ ಕೆಂಪು ಸಾಲುಗಳನ್ನು ಅವಳು ಜೀವಮಾನದಲ್ಲಿ ಬೇಕಾದಷ್ಟು ಕಂಡಿದ್ದಳು. ಅದು ಬೊಟ್ಟು ಮಾಡಿದ್ದು ಕೋಡಿನ ಎರಡನೆಯ ತುಂಡನ್ನು, ಸಂದೇಶ ಜೋಡಿಸುವ ತುಂಡನ್ನು. ಅಲ್ಲಿ ಔಷಧಿಗಳ ಪೂರ್ತಿ ಹೆಸರು ಹಾಕಿತ್ತು. ಉದ್ದವಾಗದೆ ಇನ್ನೇನು? ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತು. ಹೆಸರು ಚಿಕ್ಕದು ಮಾಡಿ, ಇಲ್ಲವೇ ಮಿತಿ ಹೆಚ್ಚಿಸಿ. ಅಷ್ಟು ಹೇಳಿ ಎದ್ದು ಮನೆಗೆ ಹೋದರಾಯಿತು.

ಅವಳು ಅದನ್ನು ಹೇಳದೆ, ಬೆರಳನ್ನು ಮೊದಲ ಸಾಲಿನ ಮೇಲಿಟ್ಟಳು. ಕನ್ನಡಕದವನು ಸಣ್ಣಗೆ ನಕ್ಕ ಹಾಗಾಯಿತು. ಅವಳ ಕಿವಿ ಬಿಸಿಯಾಯಿತು.

"ಜೋರಾಗಿ ಹೇಳಿ ಮೇಡಂ."

"ಮೊದಲ್ನೇ ರೋಗಿಗೆ... ಡಾಕ್ಟರು ಬರೆದಿರೋದು ಎರಡು. ಪಟ್ಟಿಯಲ್ಲಿ ಎರಡು. ಸರಿಯಿದೆ." ದನಿ ಅವಳದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ಎರಡನೇ ರೋಗಿಗೆ ಬರೆದಿರೋದು ಮೂರು. ಪಟ್ಟಿಯಲ್ಲಿ ಐದು."

ಬೆರಳು ಅಲ್ಲೇ ನಿಂತಿತು.

"ತಪ್ಪು ಇಲ್ಲೇ ಆಗಿದೆ ಸರ್. ಕೆಂಪು ಸಾಲು ಬರೋಕೆ ಎಂಟು ಸಾಲು ಮುಂಚೇನೇ. ಇಲ್ಲಿ ಪಟ್ಟಿ ಚಿಕ್ಕದಿತ್ತು, ಮಿತಿ ದಾಟಲಿಲ್ಲ, ಅದಕ್ಕೆ ಯಾರೂ ಕಿರುಚಲಿಲ್ಲ. ಹಾಗಾಗಿ ಉದ್ದ ಅನ್ನೋದು ಕಾರಣ ಅಲ್ಲ, ಪರಿಣಾಮ. ಹೆಚ್ಚಿನ ಔಷಧಿ ಎಲ್ಲಿಂದ ಬಂತು ಅಂತ ಹುಡುಕ್ಬೇಕು."

ಪೆನ್ನಿನ ಹೆಂಗಸು ಏನೋ ಗೀಚಿಕೊಂಡಳು. ಒಳ್ಳೆಯದೋ ಕೆಟ್ಟದ್ದೋ ತಿಳಿಯುವ ಹಾಗಿರಲಿಲ್ಲ.

"ಎರಡು, ಮೂರು ಸೇರಿ ಐದು. ಅಂದ್ರೆ ಮೊದಲನೆಯವರ ಔಷಧಿ ಎರಡನೆಯವರಿಗೆ ಅಂಟ್ಕೊಂಡಿದೆ ಅಂತ ಇಟ್ಕೊಳ್ಳೋಣ. ಹಾಗಿದ್ರೆ ಮೂರನೆಯವರಿಗೆ ಬರೆದಿರೋದು ಒಂದು, ಐದಕ್ಕೆ ಸೇರಿ ಆರು ಬರ್ಬೇಕು." ಬೆರಳು ಇಳಿಯಿತು. ಅಲ್ಲಿ ಆರಿರಲಿಲ್ಲ. ಒಂದೇ ಇತ್ತು.

ನಾಲ್ಕನೆಯ ಸಾಲಿನಲ್ಲಿ ಏಳು. ಐದರಲ್ಲಿ ಮೂರು. ಆರರಲ್ಲಿ ನಾಲ್ಕು. ಆಮೇಲೆ ಎಂಟು, ಆರು, ಹನ್ನೊಂದು. ಏರಿದ್ದು ಇಳಿಯುತ್ತದೆ, ಇಳಿದದ್ದು ಏರುತ್ತದೆ. ತಲೆಬುಡವಿಲ್ಲ. ಗಡಿಯಾರದಲ್ಲಿ ಹದಿನೆಂಟು ನಿಮಿಷ ಹೋಗಿತ್ತು. ಕಣ್ಣ ಮುಂದೆ ಅಂಕಿಗಳು ಕುಣಿಯತೊಡಗಿದವು. ಗಂಡ ಸೂಜಿ ಹಿಡಿದು ಬಾಗಿಲ ಬೆಳಕಿನಲ್ಲಿ ಕಣ್ಣು ಕಿರಿದುಗೊಳಿಸಿಕೊಂಡು ನಿಲ್ಲುವುದು ನೆನಪಾಯಿತು.

"ಏನನ್ಸುತ್ತೆ ಮೇಡಂ?"

"ಇನ್ನೂ ಗೊತ್ತಾಗಿಲ್ಲ ಸರ್."

"ಒಂದು ಊಹೆ?"

"ಊಹೆ ಬೇಡ. ನನ್ನ ಮೊದಲ್ನೇ ಊಹೆ ಮೂರನೇ ಸಾಲಲ್ಲೇ ಮುರೀತು. ಒಂದ್ ಸ್ವಲ್ಪ ಹೊತ್ತು ಕೊಡಿ."

ಗೊತ್ತಾಗದಿದ್ದಾಗ ಅವಳು ಮಾಡುತ್ತಿದ್ದದ್ದು ಒಂದೇ. ಮತ್ತೆ ಮೊದಲಿಗೆ ಹೋಗಿ, ಈ ಸಲ ಓದದೆ ಹಾರಿಸಿದ್ದನ್ನು ಓದುವುದು. ಪ್ರತಿ ಸಾಲಿನ ಆರಂಭದಲ್ಲಿ ಸಮಯ, ಅದರ ಪಕ್ಕ ಒಂದು ಅಂಕಿ. ಏಳು, ಇಲ್ಲವೇ ಎಂಟು. ಅದನ್ನು ಅಲಂಕಾರವೆಂಬಂತೆ ದಾಟಿ ಹೋಗಿದ್ದಳು. ಅಲಂಕಾರವಲ್ಲ. ಕೆಲಸ ಬೇಗ ಆಗಲೆಂದು ಒಂದೇ ಪ್ರೋಗ್ರಾಮನ್ನು ಜೊತೆಜೊತೆಗೆ ಎರಡಾಗಿ ಓಡಿಸುತ್ತಾರೆ. ಏಳು, ಎಂಟು ಅವುಗಳ ಸಂಖ್ಯೆ. ಇಬ್ಬರು ಗುಮಾಸ್ತರು ಒಂದೇ ಪುಸ್ತಕದಲ್ಲಿ ಬರೆದ ಹಾಗೆ ಸಾಲುಗಳು ಕಲೆತುಹೋಗಿದ್ದವು.

"ಒಂದ್ ಖಾಲಿ ಹಾಳೆ ಕೊಡ್ತೀರಾ?"

ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ ಎಳೆದಳು. ಎಡಕ್ಕೆ ಏಳರ ಸಾಲುಗಳು, ಬಲಕ್ಕೆ ಎಂಟರವು. ಗೆರೆ ಸೊಟ್ಟಗಾಯಿತು. ಆಗಲಿ. ಏಳರ ಕೆಳಗೆ ಎರಡು, ಐದು, ಏಳು, ಎಂಟು, ಹನ್ನೊಂದು. ಎಂಟರ ಕೆಳಗೆ ಒಂದು, ಮೂರು, ನಾಲ್ಕು, ಆರು.

ಎರಡು ಕಡೆಯೂ ಬರೀ ಏರಿಕೆ. ಒಂದೇ ಒಂದು ಇಳಿತವಿಲ್ಲ.

"ನೋಡಿ ಸರ್!" ಅವಳ ದನಿ ತಾನಾಗಿ ಮೇಲೇರಿತು. "ಏಳರ ಕಡೆ ಡಾಕ್ಟರು ಬರೆದದ್ದು ಎರಡು, ಮೂರು, ಎರಡು, ಒಂದು, ಮೂರು. ಕೂಡಿಸ್ತಾ ಹೋಗಿ. ಎರಡು, ಐದು, ಏಳು, ಎಂಟು, ಹನ್ನೊಂದು. ಎಂಟರ ಕಡೇನೂ ತಾಳೆ ಆಗುತ್ತೆ. ಪ್ರತಿಯೊಬ್ಬರಿಗೂ ಅವರಿಗಿಂತ ಮುಂಚೆ ಅದೇ ಕಡೆ ಬಂದೋರ ಔಷಧಿಗಳೆಲ್ಲ ಸೇರ್ಕೊಂಡು ಹೋಗಿವೆ."

ಹೆಂಗಸಿನ ಪೆನ್ನು ನಿಂತಿತ್ತು.

ಹನ್ನೊಂದನೆಯ ಸಾಲು: ಪ್ರೋಗ್ರಾಮನ್ನು ನಿಲ್ಲಿಸಿ ಹೊಸದಾಗಿ ಶುರು ಮಾಡಲಾಗಿದೆ. ಹನ್ನೆರಡು: ಏಳರ ಕಡೆ ಹೊಸ ರೋಗಿ, ಬರೆದದ್ದು ಎರಡು, ಪಟ್ಟಿಯಲ್ಲಿ ಎರಡು.

"ನಿಲ್ಸಿ ಶುರು ಮಾಡಿದ ತಕ್ಷಣ ಸರಿಹೋಗಿದೆ. ಅಂದ್ರೆ ಹಳೇ ಔಷಧಿಗಳು ಡೇಟಾಬೇಸಲ್ಲಿ, ಕಾಯಂ ದಾಖಲೇಲಿ, ಕೂತಿಲ್ಲ. ಅಲ್ಲಿದ್ದಿದ್ರೆ ನಿಲ್ಸಿದ್ರೂ ಹೋಗ್ತಿರಲಿಲ್ಲ. ಓಡ್ತಿರೋ ಪ್ರೋಗ್ರಾಮಿನ ನೆನಪಲ್ಲಿ ಕೂತಿವೆ. ಈಗ ಕೋಡಲ್ಲಿ ಹುಡುಕ್ಬೇಕಾದ್ದು ಒಂದೇ. ಪ್ರೋಗ್ರಾಂ ಬದುಕಿರೋವರೆಗೂ ಬದುಕಿರೋದು ಏನಿದೆ?"

ಹನ್ನೊಂದು ನಿಮಿಷ ಉಳಿದಿತ್ತು. ಅವಳು ಕೋಡಿನ ಕಾಗದವನ್ನು ಎಳೆದುಕೊಂಡಳು. ಎರಡನೆಯ ತುಂಡಿನಲ್ಲಿ ಏನೂ ಉಳಿಯುವಂಥದ್ದಿಲ್ಲ. ಅದು ಕೊಟ್ಟದ್ದನ್ನು ಜೋಡಿಸುತ್ತದೆ, ಕಳಿಸುತ್ತದೆ, ಮರೆಯುತ್ತದೆ. ಮೊದಲ ತುಂಡು ಪಟ್ಟಿ ಮಾಡುವಂಥದ್ದು. ಅದರ ತಲೆಯ ಸಾಲಿನಲ್ಲಿ ಬೆರಳು ನಿಂತಿತು. ಹಳೆಯ ರೋಗಿಯಾದರೆ ಅವನ ಹಿಂದಿನ ಪಟ್ಟಿಯನ್ನು ಕೊಡುತ್ತಾರೆ, ಅದಕ್ಕೆ ಇವತ್ತಿನದನ್ನು ಸೇರಿಸು. ಹೊಸ ರೋಗಿ, ಏನೂ ಕೊಡಲಿಲ್ಲವೆಂದರೆ, ಒಂದು ಖಾಲಿ ಪಟ್ಟಿ ಇಟ್ಟುಕೊಂಡು ಅದಕ್ಕೆ ಸೇರಿಸು.

"ಇಲ್ಲಿದೆ. ಈ ಖಾಲಿ ಪಟ್ಟಿ. ನೋಡಿದ್ರೆ ಪ್ರತಿ ಸಲ ಹೊಸದು ಬರುತ್ತೆ ಅನ್ಸುತ್ತೆ. ಬರಲ್ಲ. ಈ ಕೋಡಿನ ಭಾಷೆಯಲ್ಲಿ ತಲೆಸಾಲಲ್ಲಿಟ್ಟ ಪಟ್ಟಿ ಹುಟ್ಟೋದು ಒಂದೇ ಸಲ, ಪ್ರೋಗ್ರಾಂ ಶುರುವಾದಾಗ. ಆಮೇಲೆ ಬಂದೋರಿಗೆಲ್ಲ ಅದೇ. ಒಂದೇ ತಟ್ಟೆ, ತೊಳೀದೆ, ಎಲ್ಲರಿಗೂ ಬಡಿಸಿದ ಹಾಗೆ. ಖಾತ್ರಿ ಮಾಡ್ಕೋಬೇಕಂದ್ರೆ ಒಂದೊಂದೇ ಔಷಧಿ ಇಟ್ಟು ಪ್ರೋಗ್ರಾಂ ನಿಲ್ಲಿಸ್ದೆ ಈ ತುಂಡನ್ನ ಎರಡು ಸಲ ಓಡಿಸಿ. ಎರಡನೇ ಸಲ ಎರಡು ಬಂದ್ರೆ ನನ್ನ ಮಾತು ಸರಿ. ಸರಿಮಾಡೋಕೆ, ತಲೆಸಾಲಲ್ಲಿ ಏನೂ ಇಡದೆ, ಒಳಗಡೆ ಪ್ರತಿ ಸಲ ಹೊಸ ಪಟ್ಟಿ ಮಾಡ್ಕೋಬೇಕು. ತೊಂದರೆ ಆಗೋದು ಹೊಸ ರೋಗಿಗಳಿಗೆ ಮಾತ್ರ..."

ಹೊಸ ರೋಗಿಗಳಿಗೆ ಮಾತ್ರ. ಆ ಮಾತು ಬಾಯಿಂದ ಬಿದ್ದದ್ದೇ ತಂಗಿಯ ನೋಟ್‌ಬುಕ್ ಕಣ್ಣಿಗೆ ಕಟ್ಟಿತು. ಡಾಕ್ಟರು ಮೂರು ಹೇಳಿದ್ರು, ಮೊಬೈಲಲ್ಲಿ ಐದು ಬಂದಿದೆ.

ಬೆರಳು ಇನ್ನೂ ಕಾಗದದ ಮೇಲಿತ್ತು. ಆಗಲೇ ಅವಳು ಕೋಡನ್ನು ಕೋಡಾಗಿ ನೋಡುವುದು ಬಿಟ್ಟು, ಬರಹವಾಗಿ ನೋಡಿದಳು. ಮೊದಲ ತುಂಡಿನ ಸಮ ಚಿಹ್ನೆಗಳೆಲ್ಲ ಒಂದರ ಕೆಳಗೊಂದು ನೇರ ನಿಂತಿದ್ದವು. ನಡುವೆ ಎಣಿಸಿ ಎಣಿಸಿ ಜಾಗ ಬಿಟ್ಟು ನಿಲ್ಲಿಸಿದ್ದು. ಈಗಿನವರು ಯಾರೂ ಹಾಗೆ ಬರೆಯುವುದಿಲ್ಲ. ಟೈಪ್‌ರೈಟರಿನಲ್ಲಿ ಕೋಷ್ಟಕ ಹೊಡೆದು ಅಭ್ಯಾಸವಾದವರ ಕೈ ಅದು. ಆ ಕಚೇರಿಯಲ್ಲಿ ಅಂಥ ಕೈ ಒಂದೇ ಇತ್ತು.

ಆರು ವರ್ಷದ ಹಿಂದೆ ಅವಳೇ ಬರೆದದ್ದು. ಆಗ ಪ್ರೋಗ್ರಾಂ ಒಬ್ಬ ರೋಗಿಗೆ ಒಂದು ಸಲ ಹುಟ್ಟಿ ಅಲ್ಲೇ ಸಾಯುತ್ತಿತ್ತು, ತಟ್ಟೆ ಎರಡನೆಯವರಿಗೆ ಸಿಗುವ ಮಾತೇ ಇರಲಿಲ್ಲ. ಹನ್ನೊಂದು ತಿಂಗಳ ಹಿಂದೆ ಅದನ್ನು ಬೆಳಿಗ್ಗೆ ಶುರುವಾಗಿ ರಾತ್ರಿ ನಿಲ್ಲಿಸುವವರೆಗೂ ದಿನವಿಡೀ ಓಡುವ ಹಾಗೆ ಮಾಡಿದರು. ತಂಗಿ ಹೆಸರು ಉದ್ದ ಮಾಡಿದ್ದೂ ಅದೇ ವಾರ. ಅವತ್ತು ಮ್ಯಾನೇಜರು ಹಿಂದೆ ನಿಂತು ಕಾಲು ಕುಟ್ಟುತ್ತಿದ್ದ. ಬೆರಳಕ್ಕ ಕೆಂಪು ಸಾಲು ನೋಡಿದಳು, ಅದು ತೋರಿಸಿದ ಎರಡನೆಯ ತುಂಡು ನೋಡಿದಳು. ಮೇಲಿನ ಸಾಲುಗಳನ್ನು ಓದಲಿಲ್ಲ. ಮೊದಲ ತುಂಡು ತನ್ನದು, ಅದು ಸರಿಯಿದೆ ಎಂದು ಗೊತ್ತಿತ್ತು. ಹತ್ತೇ ನಿಮಿಷದಲ್ಲಿ ಸಹಿ ಹಾಕಿದಳು.

"ಸೂಪರ್ ಮೇಡಂ," ಕನ್ನಡಕದವನು ಕನ್ನಡಕವನ್ನು ಕೆಳಗಿಳಿಸಿ ಅವಳನ್ನು ಮೊದಲ ಸಲ ಸರಿಯಾಗಿ ನೋಡಿದ. "ಇವತ್ತಿಗೆ ಆರು ಜನ ಬಂದ್ರು. ಎಂಟನ್ನೂ ಏಳನ್ನೂ ಬೇರೆ ಮಾಡಿದ್ದು ನೀವೊಬ್ರೇ."

"ಇದು... ಇದು ಈಗ್ಲೂ ಹೀಗೇ ಓಡ್ತಿದೆಯಾ?"

"ಇಲ್ಲ ಇಲ್ಲ. ಪ್ರಶ್ನೆ ತಯಾರು ಮಾಡೋವಾಗ ನಮಗೆ ಗೊತ್ತಾಯ್ತು. ಹೋದ ವಾರ ಸರಿಮಾಡಿದ್ವಿ."

ಹೆಂಗಸು ಕಾಗದಗಳನ್ನು ಒಟ್ಟುಮಾಡುತ್ತ, ಅರ್ಧ ತನಗೇ ಎಂಬಂತೆ ಹೇಳಿದಳು. "ಇದನ್ನ ಬರೆದೋರೂ ಈ ಆಫೀಸಲ್ಲೇ ಇದಾರೆ. ಇವತ್ತೇ ಅವರ ರೌಂಡು. ವರದಿಯಲ್ಲಿ ಹೆಸರಿದೆ. ತಮ್ಮ ತಪ್ಪು ತಮಗೆ ಕಾಣುತ್ತಾ ನೋಡ್ಬೇಕು."

ಕೋಡನ್ನು ಹೊಸ ಜಾಗಕ್ಕೆ ಸಾಗಿಸುವಾಗ ಹಳೆಯ ಬರಹವೆಲ್ಲ ಮ್ಯಾನೇಜರ ಹೆಸರಿನಲ್ಲಿ ಒಂದೇ ದಿನ ಏರಿಬಿಟ್ಟಿತ್ತು. ಯಾರು ಏನು ಬರೆದರು ಎಂಬ ಗುರುತು ಅಳಿಸಿಹೋಗಿತ್ತು. ಉಳಿದದ್ದು ವರದಿ ಒಂದೇ. ವರದಿಯಲ್ಲಿದ್ದದ್ದು ತಂಗಿಯ ಹೆಸರು.

ಬೆರಳಕ್ಕ ಎದ್ದು ನಿಂತಳು. ಕುರ್ಚಿಯಿಂದ ಬಾಗಿಲಿಗೆ ಐದಾರು ಹೆಜ್ಜೆ. ಪಾಸಾಗಿದ್ದಳು. ಬಾಯಿ ಮುಚ್ಚಿಕೊಂಡು ಹೋದರೆ ಸಂಬಳ ಉಳಿಯಿತು, ಮನೆ ಉಳಿಯಿತು, ಅಕ್ಕ ಎಂಬ ಮರ್ಯಾದೆ ಉಳಿಯಿತು. ಬಾಯಿಬಿಟ್ಟರೆ? ಹತ್ತೊಂಬತ್ತು ವರ್ಷ ಲಾಗ್ ಓದಿ, ಸುಳ್ಳು ವರದಿಗೆ ಸಹಿ ಹಾಕಿದವಳನ್ನು ಯಾವ ಕಂಪನಿ ಇಟ್ಟುಕೊಳ್ಳುತ್ತದೆ? ಅವಳು ಒಳ್ಳೆಯವಳು, ತಕ್ಷಣ ಒಪ್ಪಿಕೊಂಡಳು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಅವಳು ಬಾಗಿಲವರೆಗೂ ಹೋದಳು. ಹಿಡಿಯ ಮೇಲೆ ಕೈ ಇಟ್ಟಳು. ಬಾಗಿಲಿನ ಸಣ್ಣ ಗಾಜಿನಾಚೆ ತಂಗಿ ತಲೆ ತಗ್ಗಿಸಿ, ಕೈಗೆ ಕೈ ಉಜ್ಜಿಕೊಳ್ಳುತ್ತ ಕುಳಿತಿದ್ದಳು. ತೊಡೆಯ ಮೇಲೆ ನೋಟ್‌ಬುಕ್.

ಬೆರಳಕ್ಕ ತಿರುಗಿದಳು. ಮೇಜಿನ ಹತ್ತಿರ ಬಂದು ಕೋಡಿನ ಕಾಗದವನ್ನು ಮತ್ತೆ ಹೊರತೆಗೆದು ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

"ಇದನ್ನ ಬರೆದೋಳು ನಾನು."

ಇಬ್ಬರೂ ಮುಖ ಎತ್ತಿದರು.

"ಹೊರಗಡೆ ಕೂತಿರೋಳು ಬದಲಾಯಿಸಿದ್ದು ಎರಡನೇ ತುಂಡು ಮಾತ್ರ. ಅದರಲ್ಲಿ ತಪ್ಪಿಲ್ಲ. ನಿಜ ಹೇಳ್ಬೇಕಂದ್ರೆ, ಅವಳು ಹೆಸರು ಉದ್ದ ಮಾಡಿದ್ರಿಂದಲೇ ತಪ್ಪು ಕಿರುಚ್ತು. ನಾವು ಅದನ್ನ ಕಿತ್ತುಹಾಕಿ ಮತ್ತೆ ಸುಮ್ನಾಗಿಸಿದ್ವಿ. ವರದಿ ಕೆಳಗಡೆ ಸಹಿ ನೋಡಿ, ಅದೂ ನಂದೇ. ಅವತ್ತು ನಾನು ಮೇಲಿಂದ ಓದ್ಲಿಲ್ಲ."

"ಮೇಡಂ, ಇದನ್ನ ನೀವು ಹೇಳ್ಬೇಕಾಗಿರಲಿಲ್ಲ," ಎಂದಳು ಹೆಂಗಸು ಮೆಲ್ಲಗೆ.

"ಗೊತ್ತು. ಬಾಗಿಲ ತನಕ ಹೋಗಿದ್ದೆನಲ್ಲ." ಅವಳಿಗೆ ಅಳು ಬಂತು, ತಡೆದುಕೊಳ್ಳಲಿಲ್ಲ. "ಸರಿಮಾಡಿದ್ವಿ ಅಂದ್ರಿ. ಕೋಡ್ ಸರಿಯಾಯ್ತು. ಹನ್ನೊಂದು ತಿಂಗಳಲ್ಲಿ ತಪ್ಪು ಪಟ್ಟಿ ಹೋದೋರಿಗೆ ಯಾರು ಹೇಳಿದ್ರು?"

ತಪ್ಪು ಸಿಕ್ಕಿತೆಂದು ಖುಷಿಪಟ್ಟು, ಅದನ್ನು ಪ್ರಶ್ನೆಪತ್ರಿಕೆ ಮಾಡಿದ ಆ ಇಬ್ಬರು ಜಾಣರಿಗೆ ರೋಗಿಗಳ ನೆನಪಾಗಿರಲಿಲ್ಲ.

ಆಮೇಲಿನ ನಾಲ್ಕು ದಿನ ಅವಳು ಹೇಗೆ ಕಳೆದಳೋ ಅವಳಿಗೇ ಗೊತ್ತು. ಗಂಡನಿಗೆ ಎಲ್ಲ ಹೇಳಿದಳು. ಅವನು, "ಭುಜ ಬಿಚ್ಚಿ ಹೊಲಿದೆ ಕಣೇ. ಗಿರಾಕಿ ತಗೊಂಡ್ ಹೋದ," ಎಂದಷ್ಟೇ ಹೇಳಿದ. ಮೊಬೈಲ್ ಗುಂಯ್ ಎಂದರೆ ಓಡಿ ಹೋಗಿ ನೋಡುತ್ತಿದ್ದಳು. ಕೆಲಸ ಹೋಗುವ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ಯಾರೋ ಒಬ್ಬರು, ಎಲ್ಲೋ, ತಮ್ಮದಲ್ಲದ ಮಾತ್ರೆಯನ್ನು ನೀರಿನೊಂದಿಗೆ ನುಂಗುತ್ತಿರುವ ಚಿತ್ರ.

ಐದನೆಯ ದಿನ ಕಾಗದ ಬಂತು. ತಂಗಿ ಮತ್ತೆ ಕೋಡ್ ಬರೆಯುವ ಮೇಜಿಗೆ. ಬೆರಳಕ್ಕನನ್ನು ತೆಗೆಯಲಿಲ್ಲ. ಆರು ತಿಂಗಳು ಪರೀಕ್ಷೆಯ ಮೇಲೆ, ಫೋನಿನ ಮೇಜಿಗೆ ಕಳಿಸಿದರು. ಆಮೇಲೆ ನೋಡೋಣ ಎಂದಿತ್ತು ಕಾಗದದಲ್ಲಿ. ಮೊದಲ ಕೆಲಸವನ್ನು ಅವಳೇ ಕೇಳಿ ಪಡೆದಳು. ಹನ್ನೊಂದು ತಿಂಗಳ ಲಾಗನ್ನು ಮೊದಲ ಸಾಲಿನಿಂದ ಓದಿದಳು. ಪ್ರೋಗ್ರಾಂ ಶುರುವಾದ ಮೇಲೆ ಎಷ್ಟನೆಯವರಾಗಿ ಬಂದರು, ಏಳರ ಕಡೆಯೋ ಎಂಟರ ಕಡೆಯೋ, ಎಲ್ಲ ಬೇರೆ ಮಾಡಿ, ತಂಗಿಯ ನೋಟ್‌ಬುಕ್ಕಿನೊಂದಿಗೆ ತಾಳೆ ನೋಡಿದಳು. ನೋಟ್‌ಬುಕ್ಕಿನಲ್ಲಿ ಇಪ್ಪತ್ತಾರು ಜನರಿದ್ದರು. ಲಾಗಿನಲ್ಲಿ ಎರಡು ಸಾವಿರದ ನೂರ ಹನ್ನೆರಡು. ಫೋನ್ ಮಾಡದೆ, ಬಂದದ್ದನ್ನು ನಂಬಿಕೊಂಡು ಸುಮ್ಮನಿದ್ದವರೇ ಹೆಚ್ಚು.

ನೋಟ್‌ಬುಕ್ ಕೊಡುವಾಗ ತಂಗಿ ಮುನಿಸೂ ತೋರಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಎರಡು ಸಲ ತಂದಿದ್ದೆ ಅಕ್ಕಾ," ಎಂದಳು.

"ತಂದಿದ್ದೆ ತಂಗಿ. ನಾನೇ ನೋಡ್ಲಿಲ್ಲ."

ಬೆಳಿಗ್ಗೆ ಹತ್ತಕ್ಕೆ ಬೆರಳಕ್ಕ ಫೋನಿನ ಮೇಜಿಗೆ ಕುಳಿತು ಪಟ್ಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಎಪ್ಪತ್ತೊಂದು ವರ್ಷದ ಹೆಂಗಸು, ಡಾಕ್ಟರು ಬರೆದದ್ದು ಮೂರು, ಹೋದದ್ದು ಐದು. ನಂಬರು ಒತ್ತಿದಳು. ಗಂಟೆ ಬಾರಿಸಿತು. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದಳು. ಏಳನೆಯ ರಿಂಗಿಗೆ ಯಾರೋ ಎತ್ತಿದರು. ಸಣ್ಣ ವಯಸ್ಸಿನ ದನಿ.

"ಹಲೋ, ಯಾರು?"

"ನಾನು ಔಷಧಿಪಟ್ಟಿ ಕಳಿಸೋ ಆಫೀಸಿಂದಮ್ಮ. ನಿಮ್ಮನೇಲಿ ಎಪ್ಪತ್ತೊಂದು ವರ್ಷದೋರು..." ಅವಳಿಗೆ ಮುಂದಿನ ಮಾತು ಹೊರಡಲಿಲ್ಲ. ಇದ್ದಾರಾ ಎಂದು ಕೇಳಬೇಕು.

"ನಮ್ಮಜ್ಜೀನಾ?" ಎಂದಿತು ದನಿ. "ಮಹಡಿ ಮೇಲೆ ಬಟ್ಟೆ ಒಣಹಾಕ್ತಿದಾರೆ. ಇರಿ, ಕರೀತೀನಿ."

ಬೆರಳಕ್ಕ ರಿಸೀವರನ್ನು ಕಿವಿಗೆ ಒತ್ತಿಕೊಂಡು, ಬೆರಳನ್ನು ಮೊದಲ ಸಾಲಿನ ಮೇಲಿಂದ ತೆಗೆಯದೆ, ಮೆಟ್ಟಿಲಿಳಿದು ಬರುತ್ತಿದ್ದ ಹೆಜ್ಜೆಗಳನ್ನು ಕೇಳುತ್ತ ಕುಳಿತಳು.